ಐದನೇ ತರಗತಿ ಗಣಿತ ಅಭ್ಯಾಸ ಹಾಳೆ: ಭಿನ್ನರಾಶಿಯ ಮಾತಿನ ಲೆಕ್ಕಗಳು, ಹಂತ ಹಂತವಾಗಿ ಬಿಡಿಸಿದ ಉತ್ತರಗಳೊಂದಿಗೆ

ಮಕ್ಕಳೇ, ಭಿನ್ನರಾಶಿಯ ಲೆಕ್ಕವನ್ನು ಓದಿದ ಕೂಡಲೇ ಗುಣಿಸಲು ಅಥವಾ ಕೂಡಲು ಹೊರಡದೆ, ಲೆಕ್ಕದಲ್ಲಿ ಹೇಳಿರುವ ಭಾಗವು ಯಾವುದರ ಭಾಗ ಎಂಬುದನ್ನು ಮೊದಲು ಗುರುತಿಸಿ, ಅದರ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆಯಿರಿ.

ಲೆಕ್ಕ 1. ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ಸುಮಾರು 1000 ಮೆಟ್ಟಿಲುಗಳಿವೆ. ಅವುಗಳ 7/10 ಭಾಗವನ್ನು ಹತ್ತಿದಾಗ ದೊಡ್ಡ ನಂದಿಯ ಬಳಿ ತಲುಪುತ್ತೇವೆ ಎಂದು ಇಟ್ಟುಕೊಂಡರೆ, ನಂದಿಯಿಂದ ಮೇಲಕ್ಕೆ ಇನ್ನೆಷ್ಟು ಮೆಟ್ಟಿಲುಗಳಿವೆ?

ಛೇದ 10 ಆಗಿರುವುದರಿಂದ 1000 ಮೆಟ್ಟಿಲುಗಳನ್ನು ಹತ್ತು ಸಮಭಾಗ ಮಾಡಬೇಕು.
1000 ÷ 10 = 100
ಅಂಶ 7 ಆಗಿರುವುದರಿಂದ ಅಂತಹ ಏಳು ಭಾಗಗಳನ್ನು ತೆಗೆದುಕೊಳ್ಳಬೇಕು.
100 × 7 = 700
ಉಳಿದದ್ದು 1000 − 700 = 300.
ಉತ್ತರ: 300 ಮೆಟ್ಟಿಲುಗಳು.

ಲೆಕ್ಕ 2. ಯುಗಾದಿ ಹಬ್ಬಕ್ಕೆ ಅಜ್ಜಿ ಮಂಡ್ಯದ ಸಂತೆಯಿಂದ 1 ಕಿಲೋ ಅಚ್ಚು ಬೆಲ್ಲ ತಂದರು. ಹೋಳಿಗೆಯ ಹೂರಣಕ್ಕೆ 1/2 ಕಿಲೋ, ಪಾಯಸಕ್ಕೆ 1/3 ಕಿಲೋ ಬೆಲ್ಲ ಬಳಸಿದರು. ಎಷ್ಟು ಬೆಲ್ಲ ಉಳಿಯಿತು?

ಅರ್ಧದ ತುಂಡು ದೊಡ್ಡದು, ಮೂರನೇ ಒಂದರ ತುಂಡು ಚಿಕ್ಕದು. ಅಳತೆ ಬೇರೆ ಬೇರೆಯಾಗಿರುವ ತುಂಡುಗಳನ್ನು ಹಾಗೆಯೇ ಎಣಿಸಿ ಕೂಡಲು ಬರುವುದಿಲ್ಲವಾದ್ದರಿಂದ, ಎರಡಕ್ಕೂ ಒಂದೇ ಛೇದ ಬರುವಂತೆ ಮಾಡಬೇಕು. 2 ಮತ್ತು 3ರ ಲ.ಸಾ.ಅ. 6.
1/2 = 3/6
1/3 = 2/6
3/6 + 2/6 = 5/6
1 ಕಿಲೋ ಎಂದರೆ 6/6. ಆದ್ದರಿಂದ 6/6 − 5/6 = 1/6.
ಉತ್ತರ: 1/6 ಕಿಲೋ ಬೆಲ್ಲ ಉಳಿಯಿತು.

ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿ 2/5 ಎಂದು ಬರೆದವರು ಒಂದು ಕ್ಷಣ ಯೋಚಿಸಿ: 2/5 ಅರ್ಧಕ್ಕಿಂತ ಕಡಿಮೆ. ಹೂರಣಕ್ಕೇ ಅರ್ಧ ಕಿಲೋ ಖರ್ಚಾಗಿರುವಾಗ, ಪಾಯಸದ ಬೆಲ್ಲವೂ ಸೇರಿದ ಮೇಲೆ ಮೊತ್ತವು ಅರ್ಧಕ್ಕಿಂತ ಕಡಿಮೆಯಾಗಲು ಹೇಗೆ ಸಾಧ್ಯ?

ಲೆಕ್ಕ 3. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಹಳ್ಳಿಯೊಂದರಲ್ಲಿ ಒಬ್ಬ ರೈತರಿಗೆ 2 ಎಕರೆ ಜಮೀನಿದೆ. ಅದರ 3/5 ಭಾಗದಲ್ಲಿ ಕಬ್ಬು ಹಾಕಿದ್ದಾರೆ. ಉಳಿದ ಜಮೀನಿನ 1/4 ಭಾಗದಲ್ಲಿ ರಾಗಿ, ಮಿಕ್ಕದ್ದರಲ್ಲಿ ಭತ್ತ ಬೆಳೆಯುತ್ತಾರೆ. ಭತ್ತಕ್ಕೆ ಎಷ್ಟು ಗುಂಟೆ ಸಿಕ್ಕಿತು?

ಈ ಹಾಳೆಯಲ್ಲಿ ಹೆಚ್ಚು ಮಕ್ಕಳು ಎಡವುವ ಲೆಕ್ಕ ಇದೇ ಆದ್ದರಿಂದ, ನಿಧಾನವಾಗಿ ನೋಡೋಣ. 1 ಎಕರೆಗೆ 40 ಗುಂಟೆ; ಹಾಗಾಗಿ 2 ಎಕರೆಗೆ 80 ಗುಂಟೆ. ಎಕರೆಯನ್ನು ಗುಂಟೆಗೆ ಇಳಿಸಿಕೊಂಡರೆ ಪೂರ್ಣಸಂಖ್ಯೆಗಳಲ್ಲಿಯೇ ಲೆಕ್ಕ ಸಾಗುತ್ತದೆ.

ಮೊದಲ ಹಂತ: ಕಬ್ಬು. ಇಲ್ಲಿ 3/5 ಎಂಬುದು ಇಡೀ ಜಮೀನಿನ ಭಾಗ.
80 ÷ 5 = 16, 16 × 3 = 48 ಗುಂಟೆ.

ಎರಡನೇ ಹಂತ: ಉಳಿದ ಜಮೀನು.
80 − 48 = 32 ಗುಂಟೆ.

ಮೂರನೇ ಹಂತ: ರಾಗಿ. ಲೆಕ್ಕವನ್ನು ಮತ್ತೊಮ್ಮೆ ಓದಿ. ‘ಉಳಿದ ಜಮೀನಿನ 1/4’ ಎಂದಿದೆಯೇ ಹೊರತು ‘ಜಮೀನಿನ 1/4’ ಎಂದಿಲ್ಲ. 80ರ ಕಾಲುಭಾಗ ತೆಗೆದರೆ 20 ಬರುತ್ತದೆ, ಆದರೆ ಅದು ಈ ಪ್ರಶ್ನೆಗೆ ಉತ್ತರವಲ್ಲ. ಕಬ್ಬಿಗೆ ಹೋದ ನೆಲದಲ್ಲಿ ರಾಗಿಗೆ ಪಾಲಿಲ್ಲ. ಈಗ ನಮ್ಮ ಪೂರ್ಣ 32.
32 ÷ 4 = 8 ಗುಂಟೆ.

ನಾಲ್ಕನೇ ಹಂತ: ಭತ್ತ.
32 − 8 = 24 ಗುಂಟೆ.

ತಾಳೆ ನೋಡೋಣ: 48 + 8 + 24 = 80. ಸರಿಹೋಯಿತು.
ಉತ್ತರ: 24 ಗುಂಟೆ.

ಇದು ಇಡೀ ಜಮೀನಿನ ಎಷ್ಟನೇ ಭಾಗ ಎಂದು ಕೇಳಿದರೆ 24/80 ಎಂದು ಬರೆದು, ಅಂಶ ಮತ್ತು ಛೇದ ಎರಡನ್ನೂ 8ರಿಂದ ಭಾಗಿಸಿ 3/10 ಎನ್ನಬೇಕು.

ಲೆಕ್ಕ 4. ಮನೆಯಲ್ಲಿ ಕರೆದ 4 1/2 ಲೀಟರ್ ಹಾಲನ್ನು ಒಂದೊಂದು ಮನೆಗೆ 3/4 ಲೀಟರಿನಂತೆ ವರ್ತನೆಗೆ ಕೊಟ್ಟರೆ ಎಷ್ಟು ಮನೆಗಳಿಗೆ ಸಾಕಾಗುತ್ತದೆ?

ಭಿನ್ನರಾಶಿಯನ್ನು ಭಿನ್ನರಾಶಿಯಿಂದ ಭಾಗಿಸುವ ನಿಯಮ ಮುಂದಿನ ತರಗತಿಗಳಲ್ಲಿ ಬರುತ್ತದೆ. ಈಗ ಕಾಲು ಲೀಟರಿನ ಅಳತೆಯೊಂದೇ ಸಾಕು. 1 ಲೀಟರಿನಲ್ಲಿ 4 ಕಾಲು ಲೀಟರುಗಳಿರುವುದರಿಂದ 4 ಲೀಟರಿಗೆ 16, ಅರ್ಧ ಲೀಟರಿಗೆ 2, ಒಟ್ಟು 18. ಮುಕ್ಕಾಲು ಲೀಟರ್ ಎಂದರೆ 3 ಕಾಲು ಲೀಟರುಗಳು.
18 ÷ 3 = 6
ಉತ್ತರ: 6 ಮನೆಗಳು.

ನೀವೇ ಬಿಡಿಸಿ. ಗದ್ದೆಯಿಂದ 60 ಮೂಟೆ ಭತ್ತ ಬಂದಿತು. ಅದರ 2/3 ಭಾಗವನ್ನು ಮಾರಿದರು. ಉಳಿದದ್ದರ 3/4 ಭಾಗವನ್ನು ಮನೆಯ ಊಟಕ್ಕೆ ಇಟ್ಟುಕೊಂಡು, ಮಿಕ್ಕದ್ದನ್ನು ಬಿತ್ತನೆಗೆ ತೆಗೆದಿಟ್ಟರು. ಬಿತ್ತನೆಗೆ ಎಷ್ಟು ಮೂಟೆ? (ಉತ್ತರ: 5 ಮೂಟೆ. ನಿಮಗೆ 15 ಬಂದಿದ್ದರೆ ಊಟದ ಭತ್ತವನ್ನು ಉತ್ತರವಾಗಿ ಬರೆದಿದ್ದೀರಿ. ಊಟಕ್ಕೇ 45 ಬಂದಿದ್ದರೆ ಮೂರನೇ ಲೆಕ್ಕದ ಮೂರನೇ ಹಂತವನ್ನು ಇನ್ನೊಮ್ಮೆ ಓದಿ.)