ಶಿಕ್ಷಕಿಯ ಕೃತಿ ಸಂಪುಟ: ವಾರ್ಷಿಕ ಅವಲೋಕನ, 2024–25

ಶಾಲೆ: ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ
ತರಗತಿ ಮತ್ತು ವಿಷಯ: ಆರನೇ ತರಗತಿ, ಗಣಿತ
ಮಕ್ಕಳು: 16 (ಹುಡುಗಿಯರು 9, ಹುಡುಗರು 7)
ಸೇವಾವಧಿ: 17 ವರ್ಷ
ಈ ವರ್ಷ ಬದಲಿಸಲು ಹೊರಟ ಒಂದು ಅಭ್ಯಾಸ: "ಅರ್ಥ ಆಯ್ತಾ?" ಎಂದು ಕೇಳುವುದು

ಮಕ್ಕಳ ಹೆಸರುಗಳನ್ನು ಎಲ್ಲೂ ಬರೆದಿಲ್ಲ. ಲಗತ್ತಿಸಿದ ಫೋಟೋ ಮತ್ತು ನೋಟ್ಸಿನ ಪುಟಗಳಲ್ಲೂ ಹೆಸರಿನ ಮೇಲೆ ಚೀಟಿ ಅಂಟಿಸಿದ್ದೇನೆ.

ಶುರುವಾಗಿದ್ದು ಹೀಗೆ

ಜೂನ್ ಕೊನೆಯ ವಾರ ನನ್ನದೇ ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಮೇಜಿನ ಮೇಲೆ ಹಾಜರಿ ಪುಸ್ತಕದ ಹಿಂದೆ ಫೋನ್ ಇಟ್ಟಿದ್ದೆ. ರಾತ್ರಿ ಕೂತು ಕೇಳಿದರೆ ನನಗೇ ನಾಚಿಕೆ ಆಯಿತು. 40 ನಿಮಿಷದಲ್ಲಿ 27 ಸಲ "ಅರ್ಥ ಆಯ್ತಾ?" ಎಂದಿದ್ದೇನೆ. 27 ಸಲವೂ ಮಕ್ಕಳು ಒಂದೇ ರಾಗದಲ್ಲಿ "ಆಯ್ತು ಟೀಚರ್" ಎಂದಿದ್ದಾರೆ. ಒಂದು ಕಡೆ ನಾನು ಪ್ರಶ್ನೆಯನ್ನೇ ಮುಗಿಸಿಲ್ಲ, ಆಗಲೇ "ಆಯ್ತು" ಬಂದಿದೆ! (ಪುರಾವೆ 1: ಈ ರೆಕಾರ್ಡಿಂಗಿನ ಎರಡು ಪುಟದ ಬರಹ.)

ಇನ್ನೊಂದೂ ಗೊತ್ತಾಯಿತು. ಪ್ರಶ್ನೆ ಕೇಳಿ ನಾನು ಕಾಯುವುದೇ ಇಲ್ಲ. ಉತ್ತರ ಬರಲಿಲ್ಲ ಅಂದರೆ ತಕ್ಷಣ ನಾನೇ ಹೇಳಿಬಿಡುತ್ತೇನೆ. ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲೇ ಇದನ್ನು ಬರೆದಿದ್ದರು. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಎಂದು. ತರಬೇತಿಯಲ್ಲಿ ಇದನ್ನು ಕೇಳಿ ತಲೆ ಆಡಿಸಿದ್ದೆ. ನನ್ನ ದನಿಯನ್ನೇ ಕೇಳುವವರೆಗೆ ಅದು ಬೇರೆ ಯಾರದ್ದೋ ವಿಷಯ ಎಂದುಕೊಂಡಿದ್ದೆ.

ಸ್ಲೇಟು ಮತ್ತೆ ಬಂತು

ನಲಿಕಲಿ ಕೋಣೆಯ ಕಪಾಟಿನಲ್ಲಿ ಹಳೆಯ ಸ್ಲೇಟುಗಳು ಬಿದ್ದಿದ್ದವು. ಒರೆಸಿ ಆರನೇ ತರಗತಿಗೆ ತಂದೆ. "ನಾವೇನು ಒಂದನೇ ಕ್ಲಾಸಾ?" ಎಂದು ಎರಡು ದಿನ ಗೊಣಗಿದರು, ಆಮೇಲೆ ಅಭ್ಯಾಸವಾಯಿತು. ನಿಯಮ ಇಷ್ಟೆ. ಪ್ರಶ್ನೆ ಕೇಳುತ್ತೇನೆ. ಮನಸ್ಸಿನಲ್ಲೇ ಹತ್ತು ಎಣಿಸುತ್ತೇನೆ. ಎಲ್ಲರೂ ಬರೆದು ಸ್ಲೇಟನ್ನು ಎದೆಗೆ ಒತ್ತಿಕೊಂಡಿರಬೇಕು. "ಎತ್ತಿ" ಎಂದಾಗ ಒಟ್ಟಿಗೆ ಎತ್ತಬೇಕು.

ಜುಲೈ ಎರಡನೇ ವಾರ ಕೇಳಿದ ಪ್ರಶ್ನೆ: 0.5 ಮತ್ತು 0.35, ಯಾವುದು ದೊಡ್ಡದು? ಐದನೇ ತರಗತಿಯಲ್ಲಿ ಕಲಿತು ಬಂದಿದ್ದಾರಲ್ಲ, ಸುಲಭವಾಗಿ ಹೇಳುತ್ತಾರೆ ಎಂದುಕೊಂಡಿದ್ದೆ. 16 ಸ್ಲೇಟಿನಲ್ಲಿ 11ರಲ್ಲಿ 0.35 ಇತ್ತು. (ಪುರಾವೆ 2: ಫೋಟೋ.)

ಹಳೆಯ ನಾನಾಗಿದ್ದರೆ "ಐದು ಜನ ಸರಿ, ಉಳಿದವರು ಕೇಳಿಸಿಕೊಳ್ಳಿ" ಎಂದು ಬೋರ್ಡಿಗೆ ತಿರುಗುತ್ತಿದ್ದೆ. ಅವತ್ತು ತಿರುಗಲಿಲ್ಲ. ಯಾಕೆ ಹಾಗೆ ಬರೆದಿರಿ ಎಂದು ಕೇಳಿದೆ. ತಪ್ಪು ಒಂದೇ ಥರದ್ದಲ್ಲ ಎಂದು ಆಗ ತಿಳಿಯಿತು. ಹೆಚ್ಚಿನವರು ಚುಕ್ಕಿಯ ನಂತರದ್ದನ್ನು ಬೇರೆಯೇ ಸಂಖ್ಯೆ ಎಂದು ಓದಿದ್ದರು. ಐದಕ್ಕಿಂತ ಮೂವತ್ತೈದು ದೊಡ್ಡದು, ಮುಗಿಯಿತು. ಇಬ್ಬರು ದುಡ್ಡಿನ ಲೆಕ್ಕದಲ್ಲಿ ಯೋಚಿಸಿದ್ದರು. ಅವರಿಗೆ 0.5 ಅಂದರೆ ಐದು ಪೈಸೆ.

ಸರಿ ಉತ್ತರ ಕೊಟ್ಟ ಐವರದ್ದು ಇನ್ನೂ ಸ್ವಾರಸ್ಯ. ಅದೇ ಐವರಿಗೆ 0.4 ಮತ್ತು 0.62 ಕೊಟ್ಟೆ. ಇಬ್ಬರು 0.4 ದೊಡ್ಡದು ಎಂದರು. "ಚುಕ್ಕಿ ಆದ್ಮೇಲೆ ಉದ್ದ ಇದ್ರೆ ಸಣ್ಣದು ಟೀಚರ್" ಎಂದಳು ಒಬ್ಬಳು. ನೂರನೇ ಭಾಗ ಹತ್ತನೇ ಭಾಗಕ್ಕಿಂತ ಚಿಕ್ಕದು ಎಂಬುದನ್ನು ಎಲ್ಲೋ ಕೇಳಿ ಹೀಗೆ ಹಿಡಿದುಕೊಂಡಿದ್ದಾಳೆ. ಇವರಿಬ್ಬರ ನೋಟ್ಸಿನಲ್ಲಿ ನಾನು ಇಲ್ಲಿಯವರೆಗೆ ಎಷ್ಟು ಸರಿ ಗುರುತು ಹಾಕಿದ್ದೇನೋ ಏನೋ!

ನಿಜವಾಗಿ ಗೊತ್ತಿದ್ದವರು ಮೂವರೇ. ಅವತ್ತಿನಿಂದ ನನ್ನ ಪಾಠ ಯೋಜನೆಯ ಪುಸ್ತಕದಲ್ಲಿ ಬೋಧನೋಪಕರಣದ ಪಕ್ಕ ಇನ್ನೊಂದು ಕಾಲಂ ಎಳೆದೆ: "ಮಕ್ಕಳು ಎಲ್ಲಿ ತಪ್ಪಬಹುದು?" (ಪುರಾವೆ 3: ಹಿಂದಿನ ವರ್ಷದ ಮತ್ತು ಈ ವರ್ಷದ ಯೋಜನೆ, ಒಂದೇ ಪಾಠದ್ದು.)

ಮಳೆ ಅಳೆಯಲು ಹೋಗಿ

ಜುಲೈನಲ್ಲಿ ಮಳೆ ರಜೆ ಬಂತು. ನಮ್ಮ ಕಡೆ ಬಾರದೇ ಇರುತ್ತದೆಯೇ? ರಜೆ ಮುಗಿಸಿ ಬಂದ ಮೇಲೆ ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ ಮಳೆಮಾಪಕ ಮಾಡಿದೆವು. ಮೊದಲ ವಾರದ ಲೆಕ್ಕವೆಲ್ಲ ತಪ್ಪು. ಬಾಟಲಿಯ ತಳ ಉಬ್ಬುತಗ್ಗಾಗಿರುತ್ತದೆ, ಸ್ಕೇಲನ್ನು ತಳಕ್ಕೇ ಹಿಡಿದಿದ್ದೆವು. ಏಳನೇ ತರಗತಿಯ ಹುಡುಗ ಬಂದು ನೋಡಿ, ನೇರ ಇರುವ ಜಾಗದವರೆಗೆ ನೀರು ತುಂಬಿ ಅಲ್ಲಿಂದ ಸೊನ್ನೆ ಶುರು ಮಾಡಿ ಎಂದ. ನನಗೆ ಹೊಳೆದಿರಲಿಲ್ಲ.

ಅಳತೆ ಚೆನ್ನಾಗಿ ನಡೆಯಿತು. ಆದರೆ ದಶಮಾಂಶಕ್ಕೆ ಅಷ್ಟೇನೂ ಸಹಾಯವಾಗಲಿಲ್ಲ ಎಂದೇ ಹೇಳಬೇಕು. ಸ್ಕೇಲಿನಲ್ಲಿ ಓದಿದ್ದೆಲ್ಲ 3.8, 6.2 ಹೀಗೆ ಚುಕ್ಕಿಯ ನಂತರ ಒಂದೇ ಅಂಕಿ. ಮಕ್ಕಳು ತಪ್ಪುತ್ತಿದ್ದುದು ಅಂಕಿಗಳ ಉದ್ದ ಬೇರೆಯಾದಾಗ. ಚಟುವಟಿಕೆ ಚಂದ ಇತ್ತು, ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಫೋಟೋ ತೋರಿಸಿ ಹೊಗಳಿಸಿಕೊಂಡೆ ಕೂಡ. ನನ್ನ ಮಕ್ಕಳ ತಪ್ಪಿಗೆ ಅದು ಮದ್ದಾಗಿರಲಿಲ್ಲ.

ತೂಕದ ಮಿಷನ್ನು

ಮದ್ದು ಸಿಕ್ಕಿದ್ದು ನವೆಂಬರಿನಲ್ಲಿ, ಅಡಿಕೆ ಸುಲಿಗೆ ಕಾಲದಲ್ಲಿ. ಒಬ್ಬ ಹುಡುಗನ ಅಮ್ಮ ಸುಲಿಯಲು ಹೋಗುತ್ತಾರೆ. ಕೂಲಿ ಕೆಜಿ ಲೆಕ್ಕ. ಅವನನ್ನು ಕೇಳಿದೆ: "ಒಬ್ಬರು ಹನ್ನೆರಡೂವರೆ ಕೆಜಿ ಸುಲಿದರು, ಇನ್ನೊಬ್ಬರು ಹನ್ನೆರಡು ಕೆಜಿ 350 ಗ್ರಾಂ. ಯಾರಿಗೆ ಜಾಸ್ತಿ ದುಡ್ಡು?" ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಎಂತ ಟೀಚರ್, ಹನ್ನೆರಡೂವರೆ ಅಂದ್ರೆ ಐನೂರು ಗ್ರಾಂ ಅಲ್ದಾ?" ಅದೇ ಹುಡುಗ ಐದು ನಿಮಿಷದ ಹಿಂದೆ ಸ್ಲೇಟಿನಲ್ಲಿ 12.5ಕ್ಕಿಂತ 12.35 ದೊಡ್ಡದು ಎಂದು ಬರೆದಿದ್ದ.

ಅಂದರೆ ಅವನಿಗೆ ಅಳತೆ ಗೊತ್ತು, ಬರಹ ಗೊತ್ತಿಲ್ಲ. ಎರಡರ ನಡುವೆ ಸಂಕ ಹಾಕುವುದಷ್ಟೇ ನನ್ನ ಕೆಲಸ. ಊರಿನವರೊಬ್ಬರಿಂದ ಒಂದು ದಿನದ ಮಟ್ಟಿಗೆ ತೂಕದ ಮಿಷನ್ನು ಕೇಳಿ ತಂದೆವು. ಅದರಲ್ಲಿ 0.500, 0.350 ಎಂದು ಮೂರು ಅಂಕಿ ಬರುತ್ತದೆ. ಅಡಿಕೆ ಹಾಕುತ್ತಾ, ತೆಗೆಯುತ್ತಾ, ಬರೆಯುತ್ತಾ ಹೋದರು. ಕೊನೆಯ ಸೊನ್ನೆಗಳನ್ನು ಬಿಟ್ಟರೂ ತೂಕ ಬದಲಾಗುವುದಿಲ್ಲ ಎಂದು ಅವರೇ ಹೇಳಿದರು. (ಪುರಾವೆ 4: ಮೂರು ಮಕ್ಕಳ ನೋಟ್ಸಿನ ಪುಟ.)

ಇಲ್ಲೂ ಒಂದು ಎಚ್ಚರ. ಮಾರನೇ ದಿನವೇ ಮಕ್ಕಳು "ಸೊನ್ನೆ ಸೇರಿಸಿ ಹೋಲಿಸು" ಎಂದು ಮಂತ್ರ ಮಾಡಿಕೊಂಡರು. ಉತ್ತರ ಸರಿ ಬರುತ್ತದೆ, ಯೋಚನೆ ಬೇಡ. ಹಾಗಾಗಿ "ಯಾಕೆ?" ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿಸಲು ಶುರು ಮಾಡಿದೆ. ಮೊದಮೊದಲು ಎಲ್ಲರದ್ದೂ "ಯಾಕಂದ್ರೆ ಅದು ದೊಡ್ಡದು" ಎಂಬ ಉತ್ತರವೇ.

ಬೇರೆಯವರ ಕಣ್ಣಿನಲ್ಲಿ

ಸೆಪ್ಟೆಂಬರಿನಲ್ಲಿ ನಮ್ಮ ಶಾಲೆಯ ಕನ್ನಡ ಮೇಡಂ ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪಾಠ ನೋಡಿದರು. ಯಾರಿಗೆ ಪ್ರಶ್ನೆ ಹೋಯಿತು ಎಂದು ಗೀಟು ಹಾಕಿ ಎಣಿಸಲು ಹೇಳಿದ್ದೆ. 23 ಪ್ರಶ್ನೆಗಳಲ್ಲಿ 15 ಅದೇ ನಾಲ್ಕು ಮಕ್ಕಳಿಗೆ. (ಪುರಾವೆ 5: ಅವರ ಹಾಳೆ.) "ಕಿಟಕಿ ಸಾಲನ್ನು ನೀವು ನೋಡೋದೇ ಇಲ್ಲ ಮೇಡಂ" ಎಂದರು. ಬೇಜಾರಾಯಿತು, ಆದರೆ ನಿಜ.

ಅಡಿಕೆ ದಬ್ಬೆಯಿಂದ ತೆಳ್ಳಗಿನ 16 ಕಡ್ಡಿ ಸೀಳಿ ಒಂದೊಂದರ ಮೇಲೆ ಹೆಸರು ಬರೆದೆವು. ಯಾರ ಕಡ್ಡಿ ಬಂತೋ ಅವರು ಉತ್ತರಿಸಬೇಕು. ಎರಡನೇ ದಿನ ಒಬ್ಬಳು ತನ್ನ ಹೆಸರು ಬಂದದ್ದೇ ಅತ್ತುಬಿಟ್ಟಳು. ಅವಳನ್ನು ನಾನು ಅಲ್ಲಿಯವರೆಗೆ ಜಾಣೆ, ಸುಮ್ಮನಿರುವ ಹುಡುಗಿ ಎಂದಷ್ಟೇ ತಿಳಿದಿದ್ದೆ. ಆಮೇಲೆ ಕ್ರಮ ಬದಲಿಸಿದೆ. ಮೊದಲು ಪಕ್ಕದವರ ಜೊತೆ ಅರ್ಧ ನಿಮಿಷ ಮಾತಾಡುವುದು, ಆಮೇಲೆ ಕಡ್ಡಿ. "ನಾವಿಬ್ಬರು ಹೀಗೆ ಅಂದುಕೊಂಡೆವು" ಎಂದು ಹೇಳಿದರೂ ಆಯಿತು. ಜನವರಿಯಲ್ಲಿ ಅದೇ ಮೇಡಂ ಮತ್ತೆ ಎಣಿಸಿದರು. 19 ಪ್ರಶ್ನೆ, 13 ಮಕ್ಕಳು. ಅತ್ತಿದ್ದ ಹುಡುಗಿ ಎರಡು ಸಲ ಮಾತಾಡಿದ್ದಳು. ಕೇಳಿದ ಪ್ರಶ್ನೆ ಕಡಿಮೆಯಾದದ್ದನ್ನೂ ನೋಡಬೇಕು. ಕಾಯಲು ಸಮಯ ಹೋಗುತ್ತದೆ.

ನೋಟ್ಸು ತಿದ್ದುವುದು

ಕೆಂಪು ಗುರುತು ಹಾಕಿ ಸಹಿ ಮಾಡುವುದನ್ನು ಕಡಿಮೆ ಮಾಡಿ, ಒಂದು ಪ್ರಶ್ನೆ ಬರೆಯುವುದು, ಮಗು ಅದಕ್ಕೆ ಕೆಳಗೆ ಉತ್ತರಿಸುವುದು ಎಂದು ಯೋಜನೆ ಹಾಕಿದ್ದೆ. ದಿನಕ್ಕೆ 16 ನೋಟ್ಸು ಆಗಲಿಲ್ಲ. ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಸಭೆಗಳ ನಡುವೆ ದಿನಕ್ಕೆ ಐದಕ್ಕೆ ಇಳಿಸಿದೆ. ಡಿಸೆಂಬರಿನಲ್ಲಿ ಅದೂ ಮೂರು ವಾರ ನಿಂತುಹೋಯಿತು. ಇದನ್ನು ಬದಲಾವಣೆ ಎಂದು ಹೇಳಿಕೊಳ್ಳಲು ಮನಸ್ಸಿಲ್ಲ, ಪ್ರಯತ್ನ ಎಂದು ಬರೆದುಕೊಳ್ಳಿ.

ಮಕ್ಕಳು ಎಲ್ಲಿದ್ದಾರೆ

ಫೆಬ್ರವರಿಯಲ್ಲಿ 4.7, 4.65, 4.605 ಇವನ್ನು ಏರಿಕೆ ಕ್ರಮದಲ್ಲಿ ಬರೆಯಲು ಕೊಟ್ಟೆ. 16ರಲ್ಲಿ 13 ಸರಿ. (ಪುರಾವೆ 6: ಫೋಟೋ, ಜುಲೈನದ್ದರ ಪಕ್ಕ ಇಟ್ಟಿದ್ದೇನೆ.) ಫೋಟೋ ನೋಡಿದರೆ ಖುಷಿಯಾಗುತ್ತದೆ. ಆದರೆ ಈ ಥರದ ಪ್ರಶ್ನೆಯನ್ನು ಅವರು ಎಷ್ಟೋ ಸಲ ಮಾಡಿದ್ದರು. ಅದಕ್ಕೆ ಪಾಠದಲ್ಲಿ ಮಾಡದ ಒಂದು ಪ್ರಶ್ನೆಯನ್ನೂ ಕೇಳಿದೆ: 0.3 ಮತ್ತು 0.4ರ ನಡುವೆ ಇರುವ ಒಂದು ಸಂಖ್ಯೆ ಬರೆಯಿರಿ. ಏಳು ಮಕ್ಕಳು "ಇಲ್ಲ" ಎಂದು ಬರೆದರು. (ಪುರಾವೆ 7.)

ಈ ಏಳರಲ್ಲಿ ನಾಲ್ವರು ಸುಲಿಗೆ ಕಾಲದಲ್ಲಿ ಸರಿಯಾಗಿ ಬಾರದವರು. ಹಾಜರಾತಿ ತೋರಿಸಿ ತಪ್ಪಿಸಿಕೊಳ್ಳಬಹುದಿತ್ತು. ಉಳಿದ ಮೂವರು ಆ ಎರಡು ತಿಂಗಳಲ್ಲಿ ಒಂದು ದಿನವೂ ತಪ್ಪಿಸಿಲ್ಲ. ತೂಕದ ಮಿಷನ್ನಿನ ಮುಂದೆಯೂ ಇದ್ದರು. ಅವರಿಗೆ ದಶಮಾಂಶ ಹೋಲಿಸುವುದು ಬಂದಿದೆ, ಸಂಖ್ಯೆಗಳ ನಡುವೆ ಇನ್ನೂ ಜಾಗ ಇದೆ ಎಂಬುದು ಬಂದಿಲ್ಲ. ಅದನ್ನು ನಾನು ಕಲಿಸಿಯೇ ಇಲ್ಲ. ಸಂಖ್ಯಾರೇಖೆಯನ್ನು ಒಂದೇ ಪೀರಿಯಡ್ಡಿನಲ್ಲಿ ಓಡಿಸಿದ್ದೆ, ಸಂಕಲನಾತ್ಮಕ ಮೌಲ್ಯಮಾಪನ ಹತ್ತಿರ ಬಂದಿತ್ತು.

ಮಾರ್ಚಿನಲ್ಲಿ ಮತ್ತೆ ಪಾಠ ರೆಕಾರ್ಡ್ ಮಾಡಿದೆ. "ಅರ್ಥ ಆಯ್ತಾ?" ಆರು ಸಲ ಬಂತು. ಪೂರ್ತಿ ಬಿಟ್ಟುಹೋಗಿಲ್ಲ. (ಪುರಾವೆ 8.)

ಮುಂದಿನ ವರ್ಷ

ಈ ಮಕ್ಕಳು ಏಳನೇ ತರಗತಿಗೆ ನನ್ನ ಹತ್ತಿರವೇ ಬರುತ್ತಾರೆ. ಭಿನ್ನರಾಶಿಗಳು ಮತ್ತು ದಶಮಾಂಶಗಳು ಪಾಠ ಶುರುವಿನಲ್ಲೇ ಇದೆ. ಶಾಲೆಯ ಜಗಲಿಯಲ್ಲಿ ಈ ತುದಿಯಿಂದ ಆ ತುದಿಗೆ ಹಗ್ಗ ಕಟ್ಟಿ, ಒಂದು ತುದಿಗೆ 0.3, ಇನ್ನೊಂದಕ್ಕೆ 0.4 ಚೀಟಿ ತೂಗುಹಾಕಿ, ನಡುವೆ ಚೀಟಿ ಸಿಕ್ಕಿಸಿಕೊಂಡು ಹೋಗುವುದು. ಜಾಗ ಮುಗಿಯುವವರೆಗೆ. ಮಳೆಗಾಲದಲ್ಲಿ ಜಗಲಿಗೆ ಎರಚಲು ಬರುತ್ತದೆ, ಚೀಟಿಗೆ ಪ್ಲಾಸ್ಟಿಕ್ ಹಾಕಬೇಕು. ಜೂನ್ ಎರಡನೇ ವಾರ ಬಂದು ಕೂರಲು ಕನ್ನಡ ಮೇಡಂ ಒಪ್ಪಿದ್ದಾರೆ. ಅದಕ್ಕೆ ಬದಲಾಗಿ ಅವರ ನಾಲ್ಕನೇ ತರಗತಿಯ ಗಟ್ಟಿ ಓದನ್ನು ನಾನು ಕೂತು ಎಣಿಸಬೇಕಂತೆ.