ಅಜ್ಜನಿಗೆ ಯಾಕೆ ಅಷ್ಟೊಂದು ಹುಟ್ಟುಹಬ್ಬ?

ಪುಟ್ಟಿ,

ನಿನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಅತ್ತೆ, ಅಜ್ಜ ಒಂದು ಸಲವೂ ಕೇಕ್ ಕಟ್ ಮಾಡಲೇ ಇಲ್ಲ, ಮತ್ತೆ 73 ಹೇಗಾಯಿತು?" ಅಂತ. ಬರೆದು ಕಳಿಸುತ್ತೇನೆ ಅಂದಿದ್ದೆ. ಅಮ್ಮನ ಹತ್ತಿರ ಓದಿಸಿಕೋ.

ವಯಸ್ಸು ಕೇಕಿನಿಂದ ಬರುವುದಲ್ಲ ಮಗಾ. ಮಧೂರು ದೇವಸ್ಥಾನದಲ್ಲಿ ನೀನು ಪ್ರದಕ್ಷಿಣೆ ಬರುತ್ತೀಯಲ್ಲ, ಹಾಗೆ ನಮ್ಮ ಭೂಮಿ ಸೂರ್ಯನಿಗೆ ಸುತ್ತು ಬರುತ್ತದೆ. ಒಂದು ಸುತ್ತು ಮುಗಿಯಲು 365 ದಿನ, ಮೇಲೊಂದು ಕಾಲು ದಿನ ಬೇಕು. (ಆ ಕಾಲು ದಿನದ ಕಥೆ ಎರಡನೇ ಕ್ಲಾಸಿಗೆ ಬಂದ ಮೇಲೆ.) ನೀನು ಹುಟ್ಟಿದ ದಿನ ನಿನ್ನ ಲೆಕ್ಕ ಸೊನ್ನೆ. ಮೊದಲ ಸುತ್ತು ಮುಗಿದಾಗ 1. ಪಕ್ಕದ ಮನೆಯ ಪಾಪುವಿಗೆ ಇನ್ನೂ ಒಂದು ಸುತ್ತೂ ಆಗಿಲ್ಲ, ಅದಕ್ಕೇ ಎಲ್ಲರೂ "ಎಂಟು ತಿಂಗಳು" ಅನ್ನುವುದು.

ನಿನಗೆ ಈಗ 5 ಮುಗಿಯಿತು, ಆರನೆಯದು ನಡೆಯುತ್ತಿದೆ. ಯಾರಾದರೂ "ಎಷ್ಟು ವಯಸ್ಸು?" ಅಂತ ಕೇಳಿದರೆ ಮುಗಿದದ್ದನ್ನು ಹೇಳಬೇಕು. ಆರು ಅಂತ ಸುಮ್ನೆ ದೊಡ್ಡವಳಾಗಬೇಡ!

ಇನ್ನು ಅಜ್ಜ. ನೀನು ಹುಟ್ಟಿದ್ದು 2020ರ ಆಗಸ್ಟಿನಲ್ಲಿ. ಅಜ್ಜ ಹುಟ್ಟಿದ್ದೂ ಆಗಸ್ಟಿನಲ್ಲೇ, ಆದರೆ 1952ರಲ್ಲಿ. ನೀನು ಸೊನ್ನೆಯಲ್ಲಿದ್ದಾಗ ಅವರ 68 ಸುತ್ತು ಆಗಲೇ ಮುಗಿದಿತ್ತು. 1956ರ ನವೆಂಬರ್ 1ಕ್ಕೆ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತಲ್ಲ, ಆಗ ಅಜ್ಜನಿಗೆ ಬರೇ 4. ನಿನಗಿಂತ ಚಿಕ್ಕವರು! ಆ ಕಾಲದಲ್ಲಿ ಮನೆಯಲ್ಲಿ ಕೇಕ್ ಇರಲಿಲ್ಲ. ಜನ್ಮನಕ್ಷತ್ರದ ದಿನ ಪಾಯಸ ಮಾಡಿದರೆ ಅದೇ ಹಬ್ಬ. ತೋಟದ ಕೆಲಸ ಜಾಸ್ತಿ ಇದ್ದ ವರ್ಷ ಅದೂ ಮರೆತುಹೋಗುತ್ತಿತ್ತು. ಮರೆತರೂ ಸುತ್ತು ಲೆಕ್ಕಕ್ಕೆ ಬಂತು, ಅಲ್ವಾ?

ಒಂದು ಕೆಲಸ ಮಾಡು. ಅಜ್ಜನ ಹತ್ತಿರ ಒಣ ಅಡಿಕೆ ಕೇಳಿ, ಚಾವಡಿಯಲ್ಲಿ ನಿನ್ನದು 5 ಸಾಲಾಗಿ ಇಡು. ಅದರ ಕೆಳಗೆ ಅಜ್ಜನದು 73 ಇಡು. ಅವರ ಸಾಲು ಬಾಗಿಲು ದಾಟಿ ಜಗಲಿಗೆ ಹೋಗಬಹುದು. ಬರುವ ಆಗಸ್ಟಿಗೆ ನಿನ್ನ ಸಾಲಿಗೆ ಒಂದು, ಅಜ್ಜನ ಸಾಲಿಗೂ ಒಂದು. ನಿನಗೆ 10 ಆದಾಗ ಅವರಿಗೆ 78. ಎಷ್ಟು ಓಡಿದರೂ ನೀನು ಅವರನ್ನು ಹಿಡಿಯಲಾರೆ, ನಡುವೆ ಯಾವಾಗಲೂ 68 ಅಡಿಕೆ. ಆಟ ಮುಗಿದ ಮೇಲೆ ಎಲ್ಲವನ್ನೂ ಗೋಣಿಗೆ ಹಾಕು, ಒಂದು ಕಮ್ಮಿಯಾದರೂ ಅಜ್ಜ ಬಯ್ಯುತ್ತಾರೆ.

ಅಣ್ಣ ನಿನಗಿಂತ ಉದ್ದ ಇದ್ದಾನೆ, ಅದಕ್ಕೇ ದೊಡ್ಡವನು ಅಂದೆಯಲ್ಲ? ಉದ್ದ ನೋಡಿ ವಯಸ್ಸು ಹೇಳಲಿಕ್ಕಾಗುವುದಿಲ್ಲ. ಅಜ್ಜಿ ಅಪ್ಪನ ಭುಜದವರೆಗೂ ಬರುವುದಿಲ್ಲ, ನೋಡು.

ಅಜ್ಜಿಯ ಲೆಕ್ಕ ಮಾತ್ರ ಸ್ವಲ್ಪ ತಮಾಷೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಒಂದು ತಾರೀಕು ಬರೆದುಬಿಟ್ಟರು. ಆಧಾರ್ ಕಾರ್ಡಿನಲ್ಲಿ ಅದೇ ಇದೆ. ಜಾತಕದಲ್ಲಿ ಬೇರೆ. ಯಾವ ದಿನ ಪಾಯಸ ಮಾಡಬೇಕು ಅಂತ ಅವರನ್ನೇ ಕೇಳಿ, ಭಾನುವಾರ ನನಗೆ ಫೋನ್ ಮಾಡು.

ನಿನ್ನ ಅತ್ತೆ