ಸರ್ವೇ ವರದಿಯ ನಕಲು ಕೋರಿ ಮತ್ತು ನಷ್ಟದ ಅಂದಾಜಿನಲ್ಲಿ ಬಿಟ್ಟುಹೋದದ್ದನ್ನು ಕೇಳಿ ಬರೆದ ಪತ್ರ

ಇಳಕಲ್
ದಿನಾಂಕ: 2 ಜನವರಿ 2026

ಇವರಿಗೆ,
ಶಾಖಾ ವ್ಯವಸ್ಥಾಪಕರು ಹಾಗೂ ಕ್ಲೇಮ್ ವಿಭಾಗದ ಮುಖ್ಯಸ್ಥರು,
ಬಾಗಲಕೋಟೆ ಶಾಖೆ

ಇವರಿಂದ,
ರತ್ನಾ ಈರಪ್ಪ ಬಡಿಗೇರ,
ಸೀರೆ ವ್ಯಾಪಾರಿ, ಇಳಕಲ್, ಬಾಗಲಕೋಟೆ ಜಿಲ್ಲೆ

ವಿಷಯ: ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿ, ಕ್ಲೇಮ್ ಸಂಖ್ಯೆ 2025/0347. ಸರ್ವೇಯರ್ ವರದಿಯ ನಕಲು ಕೊಡುವ ಬಗ್ಗೆ, ಮತ್ತು ನಷ್ಟದ ಅಂದಾಜಿನ ಬಗ್ಗೆ ನನ್ನ ತಕರಾರು.

ಮಾನ್ಯರೇ,

ನೀವು ಡಿಸೆಂಬರ್ 22ರಂದು ಬರೆದ ಪತ್ರ 26ಕ್ಕೆ ನನ್ನ ಕೈ ಸೇರಿತು. ಅಂಗಡಿಗೆ ಬಿದ್ದ ಬೆಂಕಿಯ ನಷ್ಟಕ್ಕೆ ನನ್ನ ಕ್ಲೇಮ್ 6,55,000 ರೂಪಾಯಿಯದು. ನೀವು ಕೊಡಲು ಒಪ್ಪಿರುವುದು 1,80,600. ಈ ಎರಡು ಅಂಕಿಗಳ ನಡುವೆ ಏನಾಯಿತು ಅನ್ನುವುದಕ್ಕೆ ನಿಮ್ಮ ಪತ್ರದಲ್ಲಿ ಇರುವುದು ನಾಲ್ಕೇ ಸಾಲು: ನಷ್ಟದ ಅಂದಾಜು 2,59,000, ಅಂಡರ್ ಇನ್ಶೂರೆನ್ಸ್, ಡೆಡ್ ಸ್ಟಾಕ್, ಸಾಲ್ವೇಜ್ ಸೇರಿ ಕಡಿತ 68,400, ಎಕ್ಸೆಸ್ 10,000, ಉಳಿದದ್ದು 1,80,600. ಜೊತೆಗೆ ‘ಪೂರ್ಣ ಮತ್ತು ಅಂತಿಮ’ ಎಂದು ಅಚ್ಚಾದ ವೋಚರ್ ಒಂದು, ಸಹಿ ಮಾಡಿ ಕಳಿಸಲು.

ಡಿಸೆಂಬರ್ 29ರಂದು ನಿಮ್ಮ ಕಚೇರಿಗೆ ಫೋನ್ ಮಾಡಿ ಸರ್ವೇಯರ್ ವರದಿ ಕೇಳಿದೆ. ‘ಅದು ಆಫೀಸಿನ ಒಳಗಿನ ಕಾಗದ, ನಿಮಗ ಕೊಡಾಕ ಬರಂಗಿಲ್ಲ’ ಎಂದರು. ಆ ಉತ್ತರ ಸರಿಯಲ್ಲ. ಪಾಲಿಸಿದಾರರು ಬಯಸಿದರೆ ಸರ್ವೇ ವರದಿಯ ನಕಲು ಅವರಿಗೆ ಸಿಗಬೇಕು ಎಂಬುದನ್ನು ಪಾಲಿಸಿದಾರರ ಹಿತರಕ್ಷಣೆಗೆಂದು ಐಆರ್‌ಡಿಎಐ ಮಾಡಿದ ನಿಯಮಗಳಲ್ಲೇ ಬರೆಯಲಾಗಿತ್ತು. ನನ್ನ ಅಂಗಡಿ, ನನ್ನ ಸರಕು, ನನ್ನ ನಷ್ಟದ ಬಗ್ಗೆ ಬರೆದ ಕಾಗದ ನಾನೊಬ್ಬಳು ಮಾತ್ರ ನೋಡಬಾರದು ಅಂದರೆ ಹೇಗೆ?

ಆದ್ದರಿಂದ ಮೊದಲ ಕೋರಿಕೆ ಇದು. ಸರ್ವೇಯರ್ ಕೊಟ್ಟ ಅಂತಿಮ ವರದಿಯನ್ನು ಅದರ ಎಲ್ಲ ಅನುಬಂಧ, ಫೋಟೋ ಮತ್ತು ಲೆಕ್ಕದ ಹಾಳೆಗಳ ಸಮೇತ ಕೊಡಿ. ಪ್ರಾಥಮಿಕ ವರದಿ ಬೇರೆ ಇದ್ದರೆ ಅದನ್ನೂ ಕೊಡಿ. ವರದಿ ನಿಮ್ಮ ಕೈ ಸೇರಿದ ದಿನಾಂಕವನ್ನೂ ತಿಳಿಸಿ. ಸರ್ವೇಯರ್ ನೇಮಕವಾದದ್ದು ನವೆಂಬರ್ 10ಕ್ಕೆ, ನಾನು ಕೊನೆಯ ದಾಖಲೆ ಕೊಟ್ಟದ್ದು ನವೆಂಬರ್ 24ಕ್ಕೆ. ಆಮೇಲೆ ಹೆಚ್ಚುಕಡಿಮೆ ಒಂದು ತಿಂಗಳು ಫೈಲು ಯಾರ ಮೇಜಿನ ಮೇಲಿತ್ತು ಎಂದು ನನಗೆ ಗೊತ್ತಾಗಬೇಕು.

ವರದಿ ಕೈಯಲ್ಲಿ ಇಲ್ಲದಿದ್ದರೂ, ನಿಮ್ಮ ಅಂಕಿಗಳನ್ನೇ ಕೂಡಿಸಿ ಕಳೆದು ನೋಡಿದಾಗ ಕೆಲವು ಸಂಗತಿ ಎದ್ದು ಕಾಣುತ್ತವೆ. ಅವನ್ನು ಈಗಲೇ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ದೊಡ್ಡದು ನೆನೆದ ಸೀರೆಗಳ ಮಾತು. ನವೆಂಬರ್ 9ರ ಭಾನುವಾರ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಶಾರ್ಟ್ ಸರ್ಕ್ಯೂಟ್‌ನಿಂದ ಹೊತ್ತಿದ ಬೆಂಕಿ ಎಡಗೋಡೆಯ ರ‍್ಯಾಕ್‌ಗಳನ್ನು ಸುಟ್ಟಿತು. ಅಲ್ಲಿ 74 ಸೀರೆ ಬೂದಿಯಾದವು. ಅಗ್ನಿಶಾಮಕ ದಳದವರು ನೀರು ಹೊಡೆದು ಬಲಗಡೆಯನ್ನು ಉಳಿಸಿದರು, ಅವರ ಉಪಕಾರ ಮರೆಯುವಂತಿಲ್ಲ. ಆದರೆ ಆ ನೀರು ಮತ್ತು ಹೊಗೆಯಲ್ಲಿ ಇನ್ನೂ 186 ಸೀರೆ ಕೆಟ್ಟವು.

ಸುಟ್ಟ 74 ಸೀರೆಗಳ ಕೊಂಡ ಬೆಲೆ ಸರಾಸರಿ 2,900ರಂತೆ 2,14,600. ನಿಮ್ಮ 2,59,000ದಲ್ಲಿ ಅದನ್ನು ಕಳೆದರೆ ಉಳಿಯುವುದು 44,400. ರ‍್ಯಾಕ್, ಕೌಂಟರ್, ಕಂಪ್ಯೂಟರ್, ಫ್ಯಾನ್‌ಗೆ ನಾನು ಕೇಳಿದ್ದು 92,000. ಹಳೆಯ ಸಾಮಾನು ಎಂದು ಸವಕಳಿ ಹಿಡಿದು ಅದಕ್ಕೆ 44,400 ಹಾಕಿರಬೇಕು. ಹಾಗಾದರೆ 186 ಸೀರೆಗಳಿಗೆ ಬಿದ್ದದ್ದು ಸೊನ್ನೆ. ನನ್ನ ಊಹೆ ತಪ್ಪಿದ್ದರೆ ಲೆಕ್ಕದ ಹಾಳೆ ತೋರಿಸಿ, ಒಪ್ಪಿಕೊಳ್ಳುತ್ತೇನೆ.

ಸರ್ವೇಯರ್ ನವೆಂಬರ್ 11ರಂದು ಬಂದಾಗ ಬಾಗಿಲಲ್ಲೇ ನಿಂತು ಮೂರು ಕಟ್ಟು ಮುಟ್ಟಿ ನೋಡಿ, ‘ಒಣಗಿಸಿದ್ರ ಸರಿ ಹೋಗ್ತಾವ’ ಎಂದರು. ನೂಲು ಬಟ್ಟೆಗೆ ಆ ಮಾತು ನಡೆದೀತು. ಇಳಕಲ್ ಸೀರೆಯ ಸೆರಗು ಕೆಂಪು ರೇಷ್ಮೆಯದು. ಮಡಿಕೆಯಲ್ಲಿ ಒದ್ದೆಯಾಗಿ ಎರಡು ದಿನ ಉಳಿದರೆ ಆ ಕೆಂಪು ಒಡಲಿಗೆ ಇಳಿಯುತ್ತದೆ. ಅವರ ಎದುರಿಗೇ ಒಂದು ಸೀರೆ ಬಿಚ್ಚಿ ತೋರಿಸಿದೆ. ಹಸಿರು ಒಡಲಿನ ಮೇಲೆ ಮೊಳಕ್ಕೊಂದರಂತೆ, ಮಡಿಕೆ ಬಿದ್ದ ಕಡೆಯೆಲ್ಲ, ಕುಂಕುಮ ಚೆಲ್ಲಿದ ಹಾಗೆ ಪಟ್ಟೆ. ಸೆರಗಿನ ತೆನೆಗಳ ಬಿಳಿ ಪೂರ್ತಿ ಗುಲಾಬಿಗೆ ತಿರುಗಿತ್ತು. ಹೊಗೆಯ ವಾಸನೆ ಬೇರೆ, ಮೂರು ಸಲ ಗಾಳಿಗೆ ಹಾಕಿದರೂ ಹೋಗಿಲ್ಲ. ಮದುವೆ ಜವಳಿಗೆ ಬಂದವರು ಇಂಥದ್ದನ್ನು ಕೈಯಿಂದಲೂ ಮುಟ್ಟುವುದಿಲ್ಲ.

ಬೆಂಕಿ ಆರಿಸಲು ಹೊಡೆದ ನೀರಿನಿಂದ ಆದ ಹಾನಿಯೂ ಬೆಂಕಿಯ ನಷ್ಟದಲ್ಲೇ ಸೇರುತ್ತದೆ. ಇದನ್ನು ವಿಮೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ, ಅಲ್ವಾ?

ಇನ್ನೊಂದು ಮಾತು. ನವೆಂಬರ್ 18ರಂದು ಸರ್ವೇಯರ್ ಅವರ ಸಹಾಯಕರು ಬಂದು ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಕೂತು ಈ 186 ಸೀರೆಗಳನ್ನು ಒಂದೊಂದಾಗಿ ಎಣಿಸಿದರು. ಬೆಲೆ ಚೀಟಿ ನೋಡಿ ನಾಲ್ಕು ಹಾಳೆ ಪಟ್ಟಿ ಬರೆದರು. ಪ್ರತಿ ಹಾಳೆಗೂ ಅವರ ಸಹಿ, ನನ್ನ ಸಹಿ. ಮೂಲ ಪ್ರತಿ ಅವರೇ ಒಯ್ದರು, ನನ್ನ ಬಳಿ ಮೊಬೈಲಿನಲ್ಲಿ ತೆಗೆದ ಫೋಟೋ ಇದೆ. ಒಣಗಿದರೆ ಸರಿ ಹೋಗುವ ಸರಕನ್ನು ಅರ್ಧ ದಿನ ಕೂತು ಎಣಿಸಿದ್ದೇಕೆ? ಆ ನಾಲ್ಕು ಹಾಳೆ ವರದಿಯ ಜೊತೆ ನಿಮಗೆ ಬಂದಿವೆಯೋ ಇಲ್ಲವೋ ಸ್ಪಷ್ಟವಾಗಿ ಬರೆದು ತಿಳಿಸಿ.

ಈ ಸೀರೆಗಳಿಗೂ ನಾನು ಪೂರ್ತಿ ಬೆಲೆ ಕೇಳಿಲ್ಲ. ಸರಾಸರಿ 2,400ರಂತೆ 4,46,400 ಆಗುತ್ತದೆ. ಕಡಿಮೆ ಬೆಲೆಗಾದರೂ ಮಾರಿಯೇನು ಎಂದು ನೂರಕ್ಕೆ 25 ನಾನೇ ಬಿಟ್ಟು 3,34,800 ಕೇಳಿದ್ದೇನೆ. ಈ 25 ಜಾಸ್ತಿಯೋ ಕಡಿಮೆಯೋ ಎಂದು ಕೂತು ಮಾತಾಡಬಹುದು. ಸೊನ್ನೆಯ ಬಗ್ಗೆ ಏನು ಮಾತಾಡುವುದು?

ಕಡಿತದ 68,400ಕ್ಕೆ ಬರೋಣ. ಮೂರು ಹೆಸರು ಒಂದೇ ಅಂಕಿಯಲ್ಲಿ ಕಟ್ಟಿದ್ದೀರಿ, ಯಾವುದಕ್ಕೆ ಎಷ್ಟು ಎಂದಿಲ್ಲ.

ಅಂಡರ್ ಇನ್ಶೂರೆನ್ಸ್ ಎಲ್ಲಿಂದ ಬಂತು ಎನ್ನುವುದು ನನಗೆ ಅಂದಾಜಿದೆ. ಸರಕಿಗೆ ನನ್ನ ವಿಮೆ 18 ಲಕ್ಷ. ನಾನು ಕೊಟ್ಟ ಲೆಕ್ಕಪತ್ರದಲ್ಲಿ ಒಟ್ಟು ಸ್ಟಾಕ್ 19,78,000 ಎಂದಿದೆ. ಆದರೆ ಅದರಲ್ಲಿ 2,36,000 ರೂಪಾಯಿಯ ರೇಷ್ಮೆ ಮತ್ತು ನೂಲು ಅಂಗಡಿಯಲ್ಲಿ ಇರಲೇ ಇಲ್ಲ. ಅದು ನೇಕಾರರ ಮನೆಗಳಲ್ಲಿ, ಮಗ್ಗದ ಮೇಲಿತ್ತು. ಯಾರಿಗೆ ಎಷ್ಟು ನೂಲು ಕೊಟ್ಟಿದ್ದೆ ಎಂಬ ವಹಿಯ ನಕಲೂ ನವೆಂಬರ್ 24ರಂದು ಕೊಟ್ಟಿದ್ದೇನೆ. ಅಂಗಡಿಯಲ್ಲಿದ್ದ ಸರಕು 17,42,000 ಮಾತ್ರ, ವಿಮೆಯ ಮೊತ್ತಕ್ಕಿಂತ ಕಡಿಮೆ. ಆ ನೂಲನ್ನು ಸೇರಿಸಿಯೇ ಹಿಡಿದರೂ ಕೊರತೆ ನೂರಕ್ಕೆ 9. ಈ ಪಾಲಿಸಿಯಲ್ಲಿ ನೂರಕ್ಕೆ 15ರ ತನಕದ ಅಂಡರ್ ಇನ್ಶೂರೆನ್ಸ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೇಗೆ ನೋಡಿದರೂ ಇಲ್ಲಿ ಒಂದು ರೂಪಾಯಿ ಕಡಿಯಲು ಜಾಗವಿಲ್ಲ.

ಡೆಡ್ ಸ್ಟಾಕ್ ಎಂದು ಯಾವ ಸೀರೆಗೆ ಅಂದಿರಿ? ಸುಟ್ಟ 74ರಲ್ಲಿ ಎಲ್ಲದಕ್ಕೂ ಜೂನ್‌ನಿಂದ ಅಕ್ಟೋಬರ್ ನಡುವಿನ ಬಿಲ್ಲು ಅಥವಾ ನೇಕಾರರಿಗೆ ಹಣ ಕೊಟ್ಟ ರಸೀದಿ ಇದೆ. ಐದು ತಿಂಗಳಿನ ಸೀರೆ ಹಳೆ ಸರಕು ಆಗುವುದಿಲ್ಲ. ಚಿಕ್ಕಿ ಪರಾಸ ದಡಿಯ ಸೀರೆಗೆ ಫ್ಯಾಷನ್ ಹೋಗುವುದು ಅಂತ ಇಲ್ಲ, ನಮ್ಮ ಅತ್ತೆಯವರ ಕಾಲದಿಂದ ಅದೇ ದಡಿ ಮಾರುತ್ತಿದ್ದೇವೆ.

ಸಾಲ್ವೇಜ್ ಅಂತೂ ಇನ್ನೂ ವಿಚಿತ್ರ. ನೆನೆದ ಸೀರೆಗಳನ್ನು ಲೆಕ್ಕಕ್ಕೇ ಹಿಡಿಯದ ಮೇಲೆ ಸಾಲ್ವೇಜ್ ಹಿಡಿದದ್ದು ಸುಟ್ಟವುಗಳ ಮೇಲೇ ಇರಬೇಕು. ಬೂದಿಗೆ ಬೆಲೆ ಕಟ್ಟುವವರು ಯಾರು? ನವೆಂಬರ್ 19ರಂದು, ಸರ್ವೇಯರ್ ಅವರು ಫೋನಿನಲ್ಲಿ ಒಪ್ಪಿದ ಮೇಲೆ, ಆ ಬೂದಿ ಮತ್ತು ಕರಕಲು ಕಟ್ಟಿಗೆಯನ್ನು ಟ್ರ್ಯಾಕ್ಟರಿನಲ್ಲಿ ತುಂಬಿಸಿ ಹೊರಗೆ ಹಾಕಿಸಿದೆ. ಆ ಬಾಡಿಗೆ ಮತ್ತು ಕೂಲಿ 7,800 ರೂಪಾಯಿಯ ರಸೀದಿಯೂ ನಿಮ್ಮ ಬಳಿ ಇದೆ. ಕಸ ತೆಗೆಸಿದ ಖರ್ಚಿಗೆ ಪಾಲಿಸಿಯಲ್ಲಿ ಮಿತಿಯೊಳಗೆ ಅವಕಾಶ ಇದೆ, ಅದರ ಹೆಸರೇ ನಿಮ್ಮ ಪತ್ರದಲ್ಲಿಲ್ಲ.

ಜಿಎಸ್‌ಟಿಯ 5,800 ಸಣ್ಣ ಮೊತ್ತ, ಆದರೂ ಬರೆಯುತ್ತೇನೆ. ಸುಟ್ಟವುಗಳಲ್ಲಿ 40 ಸೀರೆ ನೋಂದಾಯಿತ ಸಗಟು ವ್ಯಾಪಾರಿಗಳಿಂದ ಶೇ. 5 ತೆರಿಗೆ ಕೊಟ್ಟು ತಂದವು. ತೆರಿಗೆಯ ಹಣ ನಿಮಗೆ ಇನ್‌ಪುಟ್ ಕ್ರೆಡಿಟ್ ಆಗಿ ಬಂದಿದೆಯಲ್ಲ ಎಂದು ಸರ್ವೇಯರ್ ಬಾಯಿಮಾತಿನಲ್ಲಿ ಹೇಳಿದ್ದರು. ಬಂದದ್ದು ನಿಜ, ವಾಪಸ್ ಕಟ್ಟಿದ್ದೂ ನಿಜ. ನಾಶವಾದ ಸರಕಿಗೆ ಪಡೆದ ಕ್ರೆಡಿಟ್ ನಿಲ್ಲುವುದಿಲ್ಲ, ಸಿಜಿಎಸ್‌ಟಿ ಕಾಯ್ದೆಯ ಕಲಂ 17(5)(ಎಚ್) ಇರುವುದೇ ಅದಕ್ಕೆ. ನವೆಂಬರ್ ತಿಂಗಳ ರಿಟರ್ನ್‌ನಲ್ಲಿ ವಾಪಸ್ ಮಾಡಿದ ಪ್ರತಿ ಲಗತ್ತಿಸಿದೆ.

ಫರ್ನಿಚರ್‌ಗೆ ಸವಕಳಿ ಹಿಡಿಯುವುದಾದರೆ ಯಾವ ಸಾಮಾನಿಗೆ ಎಷ್ಟು ವರ್ಷ, ಎಷ್ಟು ದರ, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ತೋರಿಸಿ. ಎಕ್ಸೆಸ್ ಕಳೆಯುವುದಕ್ಕೆ ನನ್ನ ತಕರಾರಿಲ್ಲ.

ಸರ್ವೇಯರ್ ಬರೆದದ್ದಕ್ಕೆ ನಮ್ಮ ಕೈ ಕಟ್ಟಿದೆ ಎಂದು ದಯವಿಟ್ಟು ಬರೆಯಬೇಡಿ. 1938ರ ವಿಮಾ ಕಾಯ್ದೆಯ ಕಲಂ 64ಯುಎಂ ಸರ್ವೇಯರ್ ಅಂದಾಜಿಗಿಂತ ಬೇರೆ ಮೊತ್ತಕ್ಕೆ ಇತ್ಯರ್ಥ ಮಾಡುವ ಹಕ್ಕನ್ನು ನಿಮಗೆ ಉಳಿಸಿದೆ. ಸರ್ವೇ ವರದಿಯೇ ಕೊನೆಯ ಮಾತಲ್ಲ ಎಂದು ಸುಪ್ರೀಂ ಕೋರ್ಟ್ ಕೂಡ 2009ರಲ್ಲಿ ಹೇಳಿದೆ.

186 ಸೀರೆಗಳು ಈಗಲೂ ನಮ್ಮ ಮನೆಯ ಮಹಡಿಯಲ್ಲಿ ಇವೆ. ಒಂದನ್ನೂ ಮಾರಿಲ್ಲ. ನೀವೇ ಬನ್ನಿ, ಅಥವಾ ಸರ್ವೇಯರ್ ಅವರನ್ನು ಮತ್ತೆ ಕಳಿಸಿ, ಬೇಕಿದ್ದರೆ ಬಟ್ಟೆ ವ್ಯಾಪಾರ ಬಲ್ಲ ಇನ್ನೊಬ್ಬರನ್ನೂ ಕರೆತನ್ನಿ. ಎರಡು ದಿನ ಮುಂಚೆ ತಿಳಿಸಿದರೆ ಸಾಕು. ಜನವರಿ 20ರ ತನಕ ಅವನ್ನು ಹಾಗೇ ಇಡುತ್ತೇನೆ. ಅದಕ್ಕಿಂತ ಜಾಸ್ತಿ ದಿನ ಇಟ್ಟರೆ ರೇಷ್ಮೆ ಇನ್ನೂ ಕೆಡುತ್ತದೆ, ಸಿಗುವ ಬೆಲೆಯೂ ಇಳಿಯುತ್ತದೆ. ಆಮೇಲೆ ಪಟ್ಟಿ ಮಾಡಿ, ಫೋಟೋ ತೆಗೆದು ಮಾರುತ್ತೇನೆ. ಬಂದ ಹಣದ ಲೆಕ್ಕ ನಿಮಗೆ ಕೊಡುತ್ತೇನೆ.

ವೋಚರ್‌ಗೆ ‘ಪೂರ್ಣ ಮತ್ತು ಅಂತಿಮ’ ಎಂದು ಸಹಿ ಮಾಡುವುದಿಲ್ಲ, ವಾಪಸ್ ಕಳಿಸಿದ್ದೇನೆ. ನೀವೇ ಒಪ್ಪಿರುವ 1,80,600ನ್ನು ಭಾಗಶಃ ಪಾವತಿಯಾಗಿ ಈಗಲೇ ಜಮಾ ಮಾಡಿ, ಉಳಿದದ್ದರ ಮೇಲಿನ ನನ್ನ ಹಕ್ಕು ಉಳಿಸಿಕೊಂಡೇ ಅದನ್ನು ಪಡೆಯುತ್ತೇನೆ. ನೇಕಾರರಿಗೆ ಎರಡು ತಿಂಗಳ ಮಜೂರಿ ಬಾಕಿ ಇದೆ, ಅವರು ನನ್ನ ಮುಖ ನೋಡಿ ಸುಮ್ಮನಿದ್ದಾರೆ.

ವರದಿಯ ನಕಲು ಏಳು ದಿನದೊಳಗೆ, ಮೇಲಿನ ಒಂದೊಂದು ಪ್ರಶ್ನೆಗೂ ಬರಹದಲ್ಲಿ ಉತ್ತರ ಹದಿನೈದು ದಿನದೊಳಗೆ ಬೇಕು. ಈ ಪತ್ರವನ್ನೇ ದೂರು ಎಂದು ನೋಂದಾಯಿಸಿ, ದೂರಿನ ಸಂಖ್ಯೆ ಕೊಡಿ. ನಿಮ್ಮ ಕುಂದುಕೊರತೆ ಅಧಿಕಾರಿಗೂ ಪ್ರತಿ ಕಳಿಸಿದ್ದೇನೆ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಸರಿಯಾದ ಉತ್ತರ ಸಿಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗುತ್ತೇನೆ. ಅಲ್ಲಿಯ ತನಕ ಹೋಗುವುದು ನನಗೂ ಇಷ್ಟವಿಲ್ಲ, ಅಂಗಡಿ ತೆರೆದು ಕೂರುವುದು ಬಿಟ್ಟು ಬೆಂಗಳೂರಿಗೆ ಓಡಾಡಲು ಪುರುಸೊತ್ತೂ ಇಲ್ಲ.

ಇಂತಿ ನಿಮ್ಮ ವಿಶ್ವಾಸಿ,
(ಸಹಿ)
ರತ್ನಾ ಈರಪ್ಪ ಬಡಿಗೇರ

ಲಗತ್ತುಗಳು: ನಿಮ್ಮ ಡಿಸೆಂಬರ್ 22ರ ಪತ್ರದ ನಕಲು, ಸಹಿ ಮಾಡದ ವೋಚರ್, ನವೆಂಬರ್ 18ರ ನಾಲ್ಕು ಹಾಳೆಗಳ ಫೋಟೋ ಪ್ರತಿ, ನೆನೆದ ಸೀರೆಗಳ 22 ಫೋಟೋ, ನೂಲಿನ ವಹಿಯ ನಕಲು, 74 ಸೀರೆಗಳ ಬಿಲ್ಲು ಮತ್ತು ರಸೀದಿಗಳು, ಜಿಎಸ್‌ಟಿ ರಿಟರ್ನ್ ಪ್ರತಿ, ಟ್ರ್ಯಾಕ್ಟರ್ ಬಾಡಿಗೆ ಮತ್ತು ಕೂಲಿ ರಸೀದಿ.